ಕೈ ತುಂಬಿರುವಾಗ ನಮಸ್ಕಾರ

ಗೌರಿಹಬ್ಬದ ಮುನ್ನಾದಿನ ಮೈಸೂರಿನ ದೇವರಾಜ ಮಾರುಕಟ್ಟೆಯ ನೂಕುನುಗ್ಗಲಿನಲ್ಲಿ ಹಳೆಯ ಶಿಷ್ಯನೊಬ್ಬನು ನಮಗೆ ಎದುರಾಗಿ, ತಲೆಬಾಗಿ ಕೈಮುಗಿದನು. ನಮ್ಮ ಒಂದು ಕೈಯಲ್ಲಿ ಬಾಳೆಯೆಲೆ, ಇನ್ನೊಂದರಲ್ಲಿ ಹೂವಿನ ಬುಟ್ಟಿ. ನಾವು ನಕ್ಕು ತಲೆಯಾಡಿಸಿದೆವು. ಅವನು ಕಣ್ಣೆತ್ತುವಷ್ಟರಲ್ಲಿ ಜನರು ನಮ್ಮನ್ನು ಮುಂದಕ್ಕೆ ತಳ್ಳಿದ್ದರು. 'ಮೇಷ್ಟ್ರು ಮರೆತುಬಿಟ್ಟರು' ಎಂದು ಅವನು ನೊಂದುಕೊಂಡನೆಂದು ಆಮೇಲೆ ತಿಳಿಯಿತು.

ಸಮಿತ್ತು, ನೀರಿನ ಕೊಡ, ಹೂವು, ಅನ್ನ ಇವುಗಳನ್ನು ಹಿಡಿದವನು ಅಭಿವಾದನ ಮಾಡಕೂಡದೆಂದು ಬೌಧಾಯನ ಧರ್ಮಸೂತ್ರವೇ ಹೇಳುವುದು. ಆದುದರಿಂದ ಕೈಮುಗಿಯದಿದ್ದುದು ನಮ್ಮ ತಪ್ಪಲ್ಲ. ಅವನ ಕಣ್ಣು ಮೇಲೇಳುವವರೆಗೆ ಕಾಯದಿದ್ದುದು ತಪ್ಪು. ಮೊದಲು ನೋಟ ಕೂಡಬೇಕು. ಆಗ ಹುಬ್ಬು ತಾನಾಗಿ ಮೇಲೇರಿ ಗುರುತು ಹಿಡಿದುದನ್ನು ತಿಳಿಸುವುದು. ಅನಂತರ ನಗೆ, ಕೊನೆಗೆ ತಲೆ. ಹಿರಿಯರೆದುರು ಗಲ್ಲವನ್ನು ತಗ್ಗಿಸಬೇಕು. ಮೇಲೆತ್ತುವುದು ಸಲುಗೆಯವರಿಗೆ ಮಾತ್ರ ಸಲ್ಲುವುದು. ನೋಟ ಕೂಡದಿದ್ದರೆ ಹೆಸರು ಹಿಡಿದು ಕರೆಯುವುದೇ ಲೇಸು.