ಒಂದು ಚೌಕಕ್ಕೆ ಒಂದೇ ಅಂಕಿ

ನಮ್ಮ ಬಡಾವಣೆಯ ಕ್ಲಿನಿಕ್ಕಿನಲ್ಲಿ ರಿಸೆಪ್ಷನಿಸ್ಟ್ ಕೌಂಟರಿನ ಗಾಜಿಗೆ ಒಂದು ಚೀಟಿ ಅಂಟಿಸಿದ್ದಾರೆ: “ದಯವಿಟ್ಟು ಮೊಬೈಲ್ ನಂಬರನ್ನು ಒಂದು ಚೌಕಕ್ಕೆ ಒಂದೇ ಅಂಕಿಯಂತೆ ಬರೆಯಿರಿ. ಗೆರೆಗೆ ತಾಗಿಸಬೇಡಿ. ತಪ್ಪಾದರೆ ಅದರ ಮೇಲೇ ತಿದ್ದದೆ ಬೇರೆ ಫಾರಂ ಕೇಳಿ. ಸ್ಕ್ಯಾನ್ ಮಾಡಿದಾಗ ನಂಬರ್ ತಪ್ಪಾಗಿ ಬರುತ್ತಿದೆ.”

ಕೈಬರಹ ಓದುವ ಕಂಪ್ಯೂಟರಿಗೆ ಅಂಕಿಯನ್ನು ಗುರುತಿಸುವ ಮೊದಲೇ ಒಂದು ತೊಡಕು ಎದುರಾಗುತ್ತದೆ. ಒಂದು ಅಂಕಿ ಎಲ್ಲಿ ಮುಗಿಯಿತು, ಇನ್ನೊಂದು ಎಲ್ಲಿ ಶುರುವಾಯಿತು ಎಂದು ಅದು ಕಂಡುಕೊಳ್ಳಬೇಕು. ಅವಸರದಲ್ಲಿ 1ರ ಬುಡ ಪಕ್ಕದ ಸೊನ್ನೆಗೆ ತಾಗಿದರೆ ಎರಡೂ ಸೇರಿ 6ರಂತೆ ಕಾಣುತ್ತವೆ. 5ರ ಮೇಲಿನ ಅಡ್ಡಗೆರೆಯನ್ನು ಕೊನೆಗೆ ಬಿಡಿಯಾಗಿ ಎಳೆಯುವವರಿದ್ದಾರೆ. ಅದು ಜಾರಿ ಮುಂದಿನ ಅಂಕಿಯ ತಲೆ ಮೇಲೆ ಕೂರುತ್ತದೆ. ಚೌಕಗಳಿದ್ದರೆ ಹೀಗೆ ಬಿಡಿಸುವ ಕೆಲಸವೇ ಇಲ್ಲ. ಯಾವ ಚೌಕ ಎಲ್ಲಿದೆ ಎಂದು ತಂತ್ರಾಂಶಕ್ಕೆ ಮೊದಲೇ ಗೊತ್ತು. ಒಳಗಿನ ಚಿತ್ರವನ್ನಷ್ಟೇ ಎತ್ತಿಕೊಂಡು ಅದು 0ಯಿಂದ 9ರವರೆಗೆ ಯಾವುದೆಂದು ತೀರ್ಮಾನಿಸುತ್ತದೆ. ಆ ಹತ್ತರಲ್ಲೇ ಹುಡುಕುವುದರಿಂದ, ಹಿರಿಯರು ಅಭ್ಯಾಸಬಲದಿಂದ ಕನ್ನಡದ ೧ ಬರೆದರೆ ಅದನ್ನು ಸೊನ್ನೆ ಎಂದುಕೊಳ್ಳುವ ಸಂಭವ ಇದೆ.

ಇಂಥ ಫಾರಂಗಳ ಚೌಕಗಳನ್ನು ತಿಳಿಗೆಂಪು ಅಥವಾ ತಿಳಿಹಸಿರಿನಲ್ಲಿ ಅಚ್ಚು ಹಾಕುವುದಕ್ಕೂ ಕಾರಣವಿದೆ. ಆ ಬಣ್ಣವನ್ನು ಕಣ್ಮರೆ ಮಾಡಿ ಪೆನ್ನಿನ ಶಾಯಿಯನ್ನಷ್ಟೇ ಉಳಿಸಿಕೊಳ್ಳುವಂತೆ ಸ್ಕ್ಯಾನರನ್ನು ಹೊಂದಿಸಿರುತ್ತಾರೆ. ಫಾರಂ ಖಾಲಿಯಾಯಿತೆಂದು ಜೆರಾಕ್ಸ್ ಮಾಡಿಸಿದರೆ ಗೆರೆಗಳೆಲ್ಲ ಕಪ್ಪಾಗಿ, ಚೌಕದ ಅಂಚೇ 1 ಆಗಿಬಿಡಬಹುದು.

ಆದರೆ ಚೌಕದಿಂದ ಸರಿಹೋಗದ ತಪ್ಪೊಂದಿದೆ, ನನಗೆ ಹೆಚ್ಚು ಆತಂಕವಾಗುವುದು ಅದರ ಬಗ್ಗೆಯೇ. ಒಬ್ಬರು 7ರ ನೆತ್ತಿಯನ್ನು ತೀರಾ ಚಿಕ್ಕದಾಗಿ ಬರೆದು, ಅದು 1 ಎಂದು ಓದಿಸಿಕೊಂಡಿತು ಎನ್ನಿ. ಅದು ಮೊದಲ ಚೌಕದಲ್ಲಿದ್ದರೆ ತಪ್ಪು ಸಿಕ್ಕಿಬೀಳುತ್ತದೆ, ಏಕೆಂದರೆ ನಮ್ಮ ದೇಶದ ಮೊಬೈಲ್ ನಂಬರುಗಳು 6, 7, 8 ಅಥವಾ 9ರಿಂದಲೇ ಶುರುವಾಗುತ್ತವೆ. ಅದೇ 7 ಕೊನೆಯ ಚೌಕದಲ್ಲಿದ್ದರೆ? ಹತ್ತು ಅಂಕಿಗಳೂ ಇವೆ, ಶುರುವೂ ಸರಿಯಾಗಿದೆ, ಕಂಪ್ಯೂಟರಿಗೆ ಅನುಮಾನ ಬರುವುದಿಲ್ಲ. ಆಧಾರ್ ಸಂಖ್ಯೆಯ ಹನ್ನೆರಡನೇ ಅಂಕಿಯನ್ನು ಉಳಿದ ಹನ್ನೊಂದರಿಂದ ಲೆಕ್ಕ ಹಾಕಿ ಇಟ್ಟಿರುವುದರಿಂದ ಒಂದು ಅಂಕಿ ತಪ್ಪಿದರೂ ಗೊತ್ತಾಗುತ್ತದೆ. ಮೊಬೈಲ್ ನಂಬರಿನಲ್ಲಿ ಅಂಥ ಕಾವಲಿಲ್ಲ. ತಪ್ಪಿದ ನಂಬರೂ ಇನ್ಯಾರದೋ ನಿಜವಾದ ನಂಬರಾಗಿರಬಹುದು. ಆಗ ರಕ್ತಪರೀಕ್ಷೆಯ ರಿಪೋರ್ಟು ಗುರುತಿಲ್ಲದವರ ಫೋನಿಗೆ ಹೋಗುತ್ತದೆ, ರೋಗಿ ಮನೆಯಲ್ಲಿ ಕಾಯುತ್ತಲೇ ಇರುತ್ತಾರೆ.

ಅದಕ್ಕೇ ಆ ರಿಸೆಪ್ಷನಿಸ್ಟ್ ಚೀಟಿಯನ್ನಷ್ಟೇ ನಂಬಿ ಕೂತಿಲ್ಲ. ಫಾರಂ ಕೈಗೆ ಬಂದೊಡನೆ ನಂಬರನ್ನು ಗಟ್ಟಿಯಾಗಿ ಓದುತ್ತಾರೆ. ಮೊನ್ನೆ ನನ್ನ ಮುಂದಿದ್ದವರನ್ನು, “ಅಜ್ಜಿ, ಕೊನೇದು ಒಂದಾ, ಏಳಾ?” ಎಂದು ಕೇಳಿದರು. “ಏಳು ಕಣಮ್ಮಾ” ಎಂದರು ಅಜ್ಜಿ. ಅವರು ಆ ನಂಬರಿಗೇ ಒಂದು ಮಿಸ್ಡ್ ಕಾಲ್ ಕೊಟ್ಟರು. ಅಜ್ಜಿಯ ಕೈಚೀಲದೊಳಗೆ ಫೋನ್ ರಿಂಗಾಯಿತು.