ಸ್ತೋತ್ರದ ಲಿಪಿ ತಿದ್ದಲು ಗುರು-ಲಘು

ಸಂಸ್ಕೃತ ಸ್ತೋತ್ರವನ್ನು ದೇವನಾಗರಿಯಿಂದ ಕನ್ನಡ ಲಿಪಿಗೆ ಇಳಿಸುವುದು ನೋಡಲು ಸುಲಭದ ಕೆಲಸ. ಸಂಸ್ಕೃತದ ಪ್ರತಿ ಅಕ್ಷರಕ್ಕೂ ಕನ್ನಡದಲ್ಲಿ ಅಕ್ಷರವಿದೆ. ಆದರೂ ದೇವಸ್ಥಾನಗಳಲ್ಲಿ, ಗೃಹಪ್ರವೇಶಗಳಲ್ಲಿ ಹಂಚುವ ಕಿರುಪುಸ್ತಿಕೆಗಳನ್ನು ತೆರೆದರೆ ದೀರ್ಘವಿರಬೇಕಾದಲ್ಲಿ ಹ್ರಸ್ವ, ಒಂದು ಒತ್ತಕ್ಷರ ಬರಬೇಕಾದಲ್ಲಿ ಇನ್ನೊಂದು ಸಿಗುತ್ತಲೇ ಇರುತ್ತದೆ. ಇಂಥ ತಪ್ಪುಗಳನ್ನೆಲ್ಲ ಹಿಡಿಯಲು ಪಂಡಿತರೇ ಬೇಕೆಂದಿಲ್ಲ. ಹೈಸ್ಕೂಲಿನಲ್ಲಿ ಷಟ್ಪದಿಗೆ ಪ್ರಸ್ತಾರ ಹಾಕಲು ಕಲಿತ ಗುರು-ಲಘು ಲೆಕ್ಕವೇ ಅರ್ಧ ಕೆಲಸ ಮಾಡಿಕೊಡುತ್ತದೆ.

ವಿಷ್ಣುಸಹಸ್ರನಾಮವೂ ಸೇರಿ ಬಹಳಷ್ಟು ಸ್ತೋತ್ರಗಳು ಅನುಷ್ಟುಪ್ ಛಂದಸ್ಸಿನಲ್ಲಿವೆ. ಶ್ಲೋಕಕ್ಕೆ ನಾಲ್ಕು ಪಾದ, ಪಾದಕ್ಕೆ ಎಂಟು ಅಕ್ಷರ. ಎರಡನೆಯ ಮತ್ತು ನಾಲ್ಕನೆಯ ಪಾದಗಳಲ್ಲಿ ಐದನೆಯದು ಲಘು, ಆರನೆಯದು ಗುರು, ಏಳನೆಯದು ಲಘು. ಒಂದು ಮತ್ತು ಮೂರನೆಯ ಪಾದಗಳಲ್ಲಿ ಸಾಮಾನ್ಯವಾಗಿ ಏಳನೆಯದೂ ಗುರು. ಅಲ್ಲಿ ಕವಿಗಳು ಕೆಲವೊಮ್ಮೆ ಬೇರೆ ಜಾಡು ಹಿಡಿಯುವುದುಂಟು. ಆದ್ದರಿಂದ ಅಳತೆಗೆ ಸಮಪಾದಗಳನ್ನೇ ನಂಬಬೇಕು.

ಅಭ್ಯಾಸಕ್ಕೆಂದು ನಾನೇ ಹೊಸೆದ ಅರ್ಧ ಶ್ಲೋಕವೊಂದನ್ನು ನೋಡಿ:

ಸಹ್ಯಾದ್ರಿಶಿಖರೋದ್ಭೂತಾಂ
ವಂದೇ ತುಂಗಾಂ ಸುಶೀತಲಾಮ್

ಸಹ್ಯಾದ್ರಿಯ ಶಿಖರದಲ್ಲಿ ಹುಟ್ಟಿದ, ತಣ್ಣನೆಯ ತುಂಗೆಗೆ ವಂದಿಸುತ್ತೇನೆ ಎಂದರ್ಥ. ಎರಡನೆಯ ಪಾದವನ್ನು ಬಿಡಿಸಿದರೆ ವಂ, ದೇ, ತುಂ, ಗಾಂ, ಸು, ಶೀ, ತ, ಲಾಮ್ ಎಂದು ಎಂಟು. ಐದನೆಯ ‘ಸು’ ಲಘು, ಆರನೆಯ ‘ಶೀ’ ಗುರು, ಏಳನೆಯ ‘ತ’ ಲಘು. ಯಾರೋ ಮೊಬೈಲಿನಲ್ಲಿ `sushitalam` ಎಂದು ಕಳಿಸಿದ್ದನ್ನು ನೋಡಿ ‘ಸುಶಿತಲಂ’ ಎಂದು ಬರೆದುಕೊಂಡರೆ ಆರನೆಯ ಅಕ್ಷರ ಲಘುವಾಗುತ್ತದೆ, ತಪ್ಪು ಅಲ್ಲೇ ಸಿಕ್ಕಿಬೀಳುತ್ತದೆ. ಓದಲು ಸುಲಭವಾಗಲೆಂದು ಮೊದಲ ಪಾದದ ಸಂಧಿ ಬಿಡಿಸಿ ‘ಶಿಖರ ಉದ್ಭೂತಾಂ’ ಎಂದು ಅಚ್ಚು ಹಾಕಿದರೆ ಅಕ್ಷರ ಒಂಬತ್ತಾಗುತ್ತದೆ. ‘ಸಹ್ಯಾದ್ರಿ’ಯ ನಂತರ ಜಾಗ ಬಿಟ್ಟರೆ ತೊಂದರೆಯಿಲ್ಲ, ಸಂಧಿಯನ್ನು ಒಡೆಯಬಾರದು ಅಷ್ಟೇ.

ಒತ್ತಕ್ಷರದ ವಿಷಯ ಇನ್ನೂ ಸೂಕ್ಷ್ಮ. ಒತ್ತಕ್ಷರದ ಹಿಂದಿನ ಹ್ರಸ್ವಾಕ್ಷರ ಗುರುವಾಗುತ್ತದೆ. ಒತ್ತಕ್ಷರ ಮುಂದಿನ ಪದದ ಮೊದಲಲ್ಲಿದ್ದರೂ ಇದೇ ನಿಯಮ. ಸಮಪಾದದ ಕೊನೆಯಲ್ಲಿ ‘ನಮಸ್ಕೃತಾಮ್’ ಬಂದಿದೆ ಎನ್ನಿ. ಆರನೆಯ ‘ಮ’ ಗುರುವಾಗಿರುವುದು ಮುಂದಿನ ‘ಸ್ಕೃ’ದ ಬಲದಿಂದ. ಇಲ್ಲಿ ‘ಸ್’ ಬಿಟ್ಟುಹೋದರೆ ಮಾತ್ರ ಲೆಕ್ಕ ಕೆಡುತ್ತದೆ, ಏಕೆಂದರೆ ‘ಕೃ’ ಒತ್ತಕ್ಷರವೇ ಅಲ್ಲ. ಅದು ಕ್ ಮತ್ತು ಋ ಎಂಬ ಸ್ವರ ಕೂಡಿದ ಗುಣಿತಾಕ್ಷರ. ‘ಪ್ರಕೃತಿ’ಯ ಮೂರೂ ಅಕ್ಷರ ಲಘು. ಅದನ್ನು ‘ಪ್ರಕ್ರುತಿ’ ಎಂದು ಬರೆದ ಕೂಡಲೇ ‘ಪ್ರ’ ಗುರುವಾಗಿ ಛಂದಸ್ಸು ಮುರಿಯುತ್ತದೆ. ಕನ್ನಡ ಪುಸ್ತಿಕೆಗಳಲ್ಲಿ ನಾನು ಅತಿ ಹೆಚ್ಚು ಕಂಡಿರುವ ತಪ್ಪು ಇದೇ. ಉಚ್ಚಾರದಲ್ಲಿ ಎರಡೂ ಒಂದೇ ಎನ್ನುವವರು ಪ್ರಸ್ತಾರ ಹಾಕಿ ನೋಡಲಿ.

ಆದರೆ ಗುರು-ಲಘು ಎಲ್ಲವನ್ನೂ ಹಿಡಿಯುವುದಿಲ್ಲ. ದೇವನಾಗರಿಯಲ್ಲಿ ದ್ಭ, ದ್ಧ, ದ್ವ ಮೂರೂ ದಕಾರದ ಹೊಟ್ಟೆಯಡಿ ಪುಟ್ಟ ಅಕ್ಷರ ತೂಗಿಬಿಟ್ಟ ಹಾಗೆ ಕಾಣುತ್ತವೆ. ‘ಉದ್ಭೂತಾಂ’ ಎಂಬುದನ್ನು ‘ಉದ್ಧೂತಾಂ’ ಎಂದು ಓದಿಕೊಂಡರೆ ಹುಟ್ಟಿದವಳು ಅಲುಗಾಡಿಸಲ್ಪಟ್ಟವಳಾಗುತ್ತಾಳೆ, ಛಂದಸ್ಸು ಮಾತ್ರ ಸರಿಯಾಗಿಯೇ ಇರುತ್ತದೆ. ‘ಸಹ್ಯ’ವನ್ನು ನಾವು ಉಚ್ಚರಿಸುವಂತೆ ‘ಸಯ್ಹ’ ಎಂದೋ, ‘ಬ್ರಹ್ಮ’ವನ್ನು ‘ಬ್ರಮ್ಹ’ ಎಂದೋ ಬರೆದರೂ ಮಾತ್ರೆ ಬದಲಾಗದು. ‘ತುಂಗಾಂ’ ಎಂಬಲ್ಲಿ ಕೊನೆಯ ಸೊನ್ನೆ ಬಿದ್ದುಹೋದರೂ ‘ಗಾ’ ಗುರುವೇ. ಅಲ್ಲಿ ದ್ವಿತೀಯಾ ವಿಭಕ್ತಿ ಬೇಕೆಂದು ಹೇಳುವುದು ವ್ಯಾಕರಣ. ಇವನ್ನು ಮೂಲದೊಂದಿಗೆ ಅಕ್ಷರಕ್ಕೆ ಅಕ್ಷರ ಹೋಲಿಸಿಯೇ ತಿದ್ದಬೇಕು. ಒಬ್ಬರು ಮೂಲವನ್ನು ಗಟ್ಟಿಯಾಗಿ ಓದಿ, ಇನ್ನೊಬ್ಬರು ಕನ್ನಡ ಪ್ರತಿಯ ಮೇಲೆ ಬೆರಳಿಟ್ಟುಕೊಂಡು ಹೋಗುವುದು ಒಳ್ಳೆಯದು.

ಎ ಮತ್ತು ಒ ಹ್ರಸ್ವಗಳದ್ದು ಸುಲಭದ ಪರೀಕ್ಷೆ. ಸ್ತೋತ್ರಗಳ ಸಂಸ್ಕೃತದಲ್ಲಿ ಇವು ಇಲ್ಲ. ಏ, ಓ ಮಾತ್ರ ಇವೆ. ಹಾಗಾಗಿ ಕನ್ನಡ ಪ್ರತಿಯಲ್ಲಿ ‘ವಂದೆ’, ‘ನಮೊ’ ಎಂದು ಕಂಡರೆ ಮೂಲ ತೆಗೆದು ನೋಡುವ ಅಗತ್ಯವೂ ಇಲ್ಲ, ನೇರವಾಗಿ ದೀರ್ಘ ಕೊಡಿ.

ಸೌಂದರ್ಯಲಹರಿಯಂಥ ಕೃತಿಯನ್ನು ತಿದ್ದುವವರಿಗೆ ಇನ್ನಷ್ಟು ಅನುಕೂಲವಿದೆ. ಅದು ಶಿಖರಿಣೀ ವೃತ್ತದಲ್ಲಿದೆ. ಪಾದದ 17 ಅಕ್ಷರಗಳಿಗೂ ಗುರು-ಲಘುವಿನ ಸ್ಥಾನ ನಿಗದಿಯಾಗಿದೆ. ಅನುಷ್ಟುಪ್ಪಿನ ಮೊದಲ ನಾಲ್ಕು ಅಕ್ಷರಗಳಲ್ಲಿ ನುಸುಳಿಹೋಗುವ ಹ್ರಸ್ವ-ದೀರ್ಘದ ತಪ್ಪಿಗೆ ಅಲ್ಲಿ ಎಡೆಯೇ ಇಲ್ಲ.

ಸ್ತೋತ್ರ ಪುಸ್ತಿಕೆ ಅಚ್ಚು ಹಾಕಿಸುವವರಲ್ಲಿ ನನ್ನದೊಂದು ವಿನಂತಿ. ಹಳೆಯ ಕಿರುಪುಸ್ತಿಕೆಯನ್ನೇ ನಕಲು ಮಾಡಬೇಡಿ, ಅದರ ತಪ್ಪೂ ಜೊತೆಗೇ ಬರುತ್ತದೆ. ಒಳ್ಳೆಯ ಮುದ್ರಿತ ಪ್ರತಿಯೊಂದನ್ನು ಎದುರಿಗಿಟ್ಟುಕೊಂಡು ಲಿಪ್ಯಂತರ ಮಾಡಿ, ಯಾವ ಪ್ರತಿಯಿಂದ ಇಳಿಸಿದಿರಿ ಎಂಬುದನ್ನು ಮೊದಲ ಪುಟದಲ್ಲಿ ನಮೂದಿಸಿ. ಅನುಮಾನ ಬಂದ ಓದುಗರು ಅಲ್ಲಿಗೆ ಹೋಗಿ ನೋಡಿಕೊಳ್ಳಲಿ.