ಸ್ಲೈಡಿನ ಆ ಮೂರು ಬಾಣಗಳು

ಬಯೊಟೆಕ್ನಾಲಜಿ ಬಿಇ ಓದುವ ನಮಗೆ ಬಯೊಕೆಮಿಸ್ಟ್ರಿ ಪೇಪರ್‌ನಲ್ಲಿ ಸೆಮಿನಾರ್ ಕಡ್ಡಾಯ. ಹತ್ತು ನಿಮಿಷ, ಹತ್ತು ಅಂಕ. ನನಗೆ ಬಂದ ವಿಷಯ ‘ಪ್ರೋಟೀನ್ ರಚನೆಯ ನಾಲ್ಕು ಹಂತಗಳು’. ‘ಇದೇನು, ಪಿಯುಸಿಯಲ್ಲೇ ಓದಿದ್ದು’ ಎಂದು ಒಳಗೊಳಗೇ ಖುಷಿಪಟ್ಟೆ. ಒಂದೇ ಸ್ಲೈಡಿನಲ್ಲಿ ನಾಲ್ಕು ಚಿತ್ರ ಹಾಕಿ, ನಡುವೆ ಮೂರು ಬಾಣ ಎಳೆದೆ. ಮೊದಲು ಮಣಿಸರ, ಆಮೇಲೆ ಸ್ಪ್ರಿಂಗ್, ಆಮೇಲೆ ಗಂಟು ಹಾಕಿದಂಥ ಉಂಡೆ, ಕೊನೆಗೆ ನಾಲ್ಕು ಉಂಡೆಗಳ ಗೊಂಚಲು. ಉದಾಹರಣೆಗೆ ನಮ್ಮ ರಕ್ತದ ಹಿಮೋಗ್ಲೋಬಿನ್.

ಶುರುವೇನೋ ಚೆನ್ನಾಗಿಯೇ ಆಯಿತು. ಅಮೈನೊ ಆಮ್ಲಗಳು ಒಂದರ ಹಿಂದೆ ಒಂದು ಕೂಡಿಕೊಂಡ ಸರಪಳಿಯೇ ಪ್ರಾಥಮಿಕ ರಚನೆ ಎಂದೆ. ಹಿಮೋಗ್ಲೋಬಿನ್ನಿನ ಆಲ್ಫಾ ಸರಪಳಿಯಲ್ಲಿ 141, ಬೀಟಾ ಸರಪಳಿಯಲ್ಲಿ 146 ಅಮೈನೊ ಆಮ್ಲಗಳಿವೆ. ಇಲ್ಲಿ ಮುಖ್ಯವಾದುದು ಕ್ರಮ ಮಾತ್ರ. ಯಾವುದರ ನಂತರ ಯಾವುದು ಎನ್ನುವುದಷ್ಟೇ.

ಆ ಸರಪಳಿ ಹತ್ತಿರದ ಕೊಂಡಿಗಳ ಜೊತೆಗೇ ಕೈಹಿಡಿದು ಸುರುಳಿಯಾಗುವುದು ದ್ವಿತೀಯಕ ರಚನೆ. ಆಲ್ಫಾ ಹೆಲಿಕ್ಸ್‌ನಲ್ಲಿ ಒಂದು ಅಮೈನೊ ಆಮ್ಲದ ಆಕ್ಸಿಜನ್, ನಾಲ್ಕು ಸ್ಥಾನ ಮುಂದಿರುವ ಅಮೈನೊ ಆಮ್ಲದ ಹೈಡ್ರೋಜನ್ ಜೊತೆ ಬಂಧ ಮಾಡಿಕೊಳ್ಳುತ್ತದೆ. ಒಂದು ಸುತ್ತಿಗೆ ಸುಮಾರು 3.6 ಅಮೈನೊ ಆಮ್ಲ. ಬೀಟಾ ಸರಪಳಿಯಲ್ಲಿ ಇಂಥ ಎಂಟು ಸುರುಳಿಗಳಿದ್ದು, ಅವಕ್ಕೆ A ಯಿಂದ H ವರೆಗೆ ಹೆಸರಿಟ್ಟಿದ್ದಾರೆ.

ಸುರುಳಿಗಳೆಲ್ಲ ಒಂದರ ಮೇಲೊಂದು ಮಡಚಿಕೊಂಡು ಉಂಡೆಯಾದರೆ ಅದು ತೃತೀಯಕ ರಚನೆ. ನೀರೆಂದರೆ ಆಗದ ಅಮೈನೊ ಆಮ್ಲಗಳು ಒಳಗೆ ಅಡಗುತ್ತವೆ, ನೀರನ್ನು ಇಷ್ಟಪಡುವಂಥವು ಹೊರಗೆ ನಿಲ್ಲುತ್ತವೆ. ಹೀಗೆ ಮಡಚಿಕೊಂಡ ಮೇಲೆಯೇ ಕಬ್ಬಿಣದ ಪರಮಾಣುವನ್ನು ಹೊತ್ತ ಹೀಮ್ ಕೂರಲು ಜಾಗ ಸಿಗುವುದು. ಇಂಥ ಎರಡು ಆಲ್ಫಾ, ಎರಡು ಬೀಟಾ ಉಂಡೆಗಳು ಸೇರಿದರೆ ಚತುರ್ಥಕ ರಚನೆ. ಅಲ್ಲಿಗೆ ಒಂದು ಹಿಮೋಗ್ಲೋಬಿನ್ ಪೂರ್ತಿಯಾಯಿತು.

ಕೊನೆಯಲ್ಲಿ ಪಂಚ್ ಇರಲಿ ಎಂದು ಸಿಕಲ್ ಸೆಲ್ ಅನೀಮಿಯಾದ ಉದಾಹರಣೆ ಇಟ್ಟುಕೊಂಡಿದ್ದೆ. ‘ಬೀಟಾ ಸರಪಳಿಯ ಆರನೇ ಸ್ಥಾನದಲ್ಲಿ ಗ್ಲುಟಾಮಿಕ್ ಆಮ್ಲದ ಬದಲು ವ್ಯಾಲೀನ್ ಬರುತ್ತದೆ. ಅದರಿಂದ ಸುರುಳಿ ಕೆಡುತ್ತದೆ, ಮಡಿಕೆ ಕೆಡುತ್ತದೆ, ಇಡೀ ಹಿಮೋಗ್ಲೋಬಿನ್ ಕೆಡುತ್ತದೆ’ ಎಂದು ಒಂದೊಂದೇ ಬಾಣ ತೋರಿಸುತ್ತಾ ಹೇಳಿದೆ. ಚಪ್ಪಾಳೆ ಬಿತ್ತು.

ಕೊನೆಯ ಬೆಂಚಿನಿಂದ ನನ್ನ ಹಾಸ್ಟೆಲ್ ಗೆಳೆಯ ಕೈ ಎತ್ತಿದ. ಎಚ್.ಡಿ.ಕೋಟೆ ಕಡೆಯ ಹಾಡಿಯವನು. ‘ನಾನು ಸಿಕಲ್ ಸೆಲ್ ಕ್ಯಾರಿಯರ್. ಊರಲ್ಲಿ ಟೆಸ್ಟ್ ಮಾಡಿ ಕಾರ್ಡ್ ಕೊಟ್ಟಿದ್ದಾರೆ. ಹಾಗಾದ್ರೆ ನನ್ನ ಹಿಮೋಗ್ಲೋಬಿನ್‌ನಲ್ಲಿ ಅರ್ಧ ಮಡಚಿಕೊಂಡೇ ಇಲ್ವಾ? ಮಡಚಿಕೊಳ್ಳದಿದ್ರೆ ಹೀಮ್ ಕೂರೋಕೆ ಜಾಗ ಇಲ್ಲ ಅಂತ ನೀನೇ ಹೇಳ್ದೆ. ಮತ್ತೆ ನಾನು ದಿನಾ ವಾಲಿಬಾಲ್ ಆಡ್ತೀನಲ್ಲ?’

ನನ್ನ ಹತ್ತಿರ ಉತ್ತರವಿರಲಿಲ್ಲ. ಮೇಡಂ ಸ್ಲೈಡನ್ನೇ ನೋಡುತ್ತಿದ್ದವರು, ‘ಮೊದಲು ಆ ಆರನೇ ಅಕ್ಷರ ಎಣಿಸಿ ತೋರಿಸಪ್ಪ’ ಎಂದರು. ಡೇಟಾಬೇಸ್‌ನಿಂದ ನಕಲು ಮಾಡಿ ಹಾಕಿದ್ದ ಸಾಲು `MVHLTPEEK` ಎಂದು ಶುರುವಾಗುತ್ತಿತ್ತು. ಎಣಿಸಿದೆ. ಆರನೆಯದು `P`, ಅಂದರೆ ಪ್ರೋಲೀನ್. ಗ್ಲುಟಾಮಿಕ್ ಆಮ್ಲದ `E` ಇದ್ದದ್ದು ಏಳರಲ್ಲಿ. ತರಗತಿ ನಕ್ಕಿತು. ‘ಎರಡೂ ಪ್ರಶ್ನೆಗೆ ಉತ್ತರ ಹುಡುಕ್ಕೊಂಡು ಸೋಮವಾರ ಬಾ. ಅಂಕ ಆಮೇಲೆ’ ಎಂದರು ಮೇಡಂ.

ಎಣಿಕೆಯ ಗೊಂದಲ ಬೇಗ ಬಗೆಹರಿಯಿತು. ಜೀವಕೋಶ ಪ್ರತಿ ಪ್ರೋಟೀನನ್ನೂ ಮೆಥಿಯೊನೀನ್‌ನಿಂದ (`M`) ಕಟ್ಟಲು ಶುರು ಮಾಡುತ್ತದೆ. ಹಿಮೋಗ್ಲೋಬಿನ್‌ನಲ್ಲಿ ಆ ಮೊದಲ ಮೆಥಿಯೊನೀನ್ ಆಮೇಲೆ ಕತ್ತರಿಸಿ ಹೋಗುತ್ತದೆ. ಡೇಟಾಬೇಸ್ ಅದನ್ನೂ ಸೇರಿಸಿ ಎಣಿಸಿದರೆ, ಹಳೆಯ ಪುಸ್ತಕಗಳು ರಕ್ತದಲ್ಲಿ ಸಿಕ್ಕ ಸರಪಳಿಯನ್ನಷ್ಟೇ ಎಣಿಸುತ್ತವೆ. ಹಾಗಾಗಿ ಒಂದೇ ಬದಲಾವಣೆಗೆ ಒಂದು ಕಡೆ ‘6’, ಇನ್ನೊಂದು ಕಡೆ ‘7’ ಎಂದು ಬರೆದಿರುತ್ತದೆ. ಎರಡೂ ಸರಿ. ಸಾಲು ಒಂದು ಕಡೆಯದು, ಸಂಖ್ಯೆ ಇನ್ನೊಂದು ಕಡೆಯದು ತೆಗೆದುಕೊಂಡರೆ ಮಾತ್ರ ನನ್ನ ಹಾಗೆ ಆಗುತ್ತದೆ.

ಗೆಳೆಯನ ಪ್ರಶ್ನೆಯೇ ದೊಡ್ಡದು. ಶನಿವಾರ ರಾತ್ರಿ ಇಬ್ಬರೂ ಒಂದೇ ಲ್ಯಾಪ್‌ಟಾಪ್ ಮುಂದೆ ಕುಳಿತೆವು. ಪ್ರೋಟೀನ್ ಡೇಟಾ ಬ್ಯಾಂಕ್‌ನಲ್ಲಿ ಸಾಮಾನ್ಯ ಹಿಮೋಗ್ಲೋಬಿನ್ನಿನ ರಚನೆ `2HHB` ಎಂಬ ಸಂಕೇತದಲ್ಲಿ ಸಿಗುತ್ತದೆ, ಸಿಕಲ್ ಸೆಲ್ ಹಿಮೋಗ್ಲೋಬಿನ್ನಿನದು `2HBS` ಎಂಬಲ್ಲಿ. ಎರಡನ್ನೂ ತೆರೆದು ಒಂದರ ಮೇಲೊಂದು ಕೂರಿಸಿ ನೋಡಿದೆವು. ಕೆಟ್ಟುಹೋದ ಸುರುಳಿ ಎಲ್ಲಿದೆ ಎಂದು ಹುಡುಕಿದ್ದೇ ಹುಡುಕಿದ್ದು. ಎಂಟು ಸುರುಳಿಗಳೂ ಅವುಗಳ ಜಾಗದಲ್ಲೇ ಇದ್ದವು. ಹೀಮ್ ತನ್ನ ಗೂಡಿನಲ್ಲಿ ಕುಳಿತಿತ್ತು. ನಾಲ್ಕು ಉಂಡೆಗಳೂ ಸರಿಯಾಗಿ ಜೋಡಿಕೊಂಡಿದ್ದವು.

ಆ ಆರನೇ ಸ್ಥಾನ ಎಲ್ಲಿದೆ ಎಂದು ನೋಡಿದಾಗ ವಿಷಯ ಹೊಳೆಯಿತು. ಅದು ಮೊದಲ ಸುರುಳಿಯ ಶುರುವಿನಲ್ಲಿ, ಉಂಡೆಯ ಹೊರಮೈಯಲ್ಲಿದೆ. ಅಲ್ಲಿ ವ್ಯಾಲೀನ್ ಬಂದರೆ ಒಳಗಿನ ಮಡಿಕೆಗೆ ಏನೂ ಆಗುವುದಿಲ್ಲ. ಆದರೆ ನೀರನ್ನು ಇಷ್ಟಪಡುವ, ಋಣ ವಿದ್ಯುದಂಶವಿದ್ದ ಗ್ಲುಟಾಮಿಕ್ ಆಮ್ಲ ಇದ್ದ ಜಾಗದಲ್ಲಿ ಈಗ ನೀರಿನಿಂದ ದೂರ ಸರಿಯಲು ನೋಡುವ ಒಂದು ಸಣ್ಣ ಉಬ್ಬು ನಿಂತಿದೆ.

ನಮ್ಮಮ್ಮ ಮನೆಯಲ್ಲಿ ಬಟ್ಟೆ ಹೊಲಿಯುತ್ತಾರೆ. ನನಗೆ ಥಟ್ಟನೆ ನೆನಪಾದದ್ದು ಟಿಚ್ ಬಟನ್. ಒಂದು ಕಡೆ ಉಬ್ಬು, ಇನ್ನೊಂದು ಕಡೆ ಕುಳಿ. ವ್ಯಾಲೀನ್ ಉಬ್ಬಾದರೆ ಕುಳಿ ಎಲ್ಲಿ? ಅದು ಪಕ್ಕದ ಇನ್ನೊಂದು ಹಿಮೋಗ್ಲೋಬಿನ್ನಿನ ಬೀಟಾ ಉಂಡೆಯ ಮೇಲಿದೆ. 85ನೇ ಫಿನೈಲಲನೀನ್ ಮತ್ತು 88ನೇ ಲ್ಯೂಸೀನ್ ಸೇರಿ ಮಾಡಿದ ಕುಳಿ ಅದು. ಈ ಕುಳಿ ನಿಮ್ಮ, ನನ್ನ ಎಲ್ಲರ ಹಿಮೋಗ್ಲೋಬಿನ್ನಿನಲ್ಲೂ ಇದೆ. ಅದಕ್ಕೆ ಸಿಕ್ಕಿಕೊಳ್ಳುವ ಉಬ್ಬು ನಮ್ಮಲ್ಲಿಲ್ಲ, ಅಷ್ಟೇ.

ಇಲ್ಲಿ ಚತುರ್ಥಕ ರಚನೆಯ ಪಾತ್ರವೂ ಇದೆ. ಹಿಮೋಗ್ಲೋಬಿನ್ ಆಮ್ಲಜನಕ ಹಿಡಿದಾಗ ಒಂದು ಆಕಾರ, ಬಿಟ್ಟಾಗ ಇನ್ನೊಂದು ಆಕಾರ. ಒಂದು ಆಲ್ಫಾ-ಬೀಟಾ ಜೋಡಿ ಇನ್ನೊಂದಕ್ಕೆ ಹೋಲಿಸಿದರೆ ಸುಮಾರು 15 ಡಿಗ್ರಿ ತಿರುಗುತ್ತದೆ. ಆಮ್ಲಜನಕ ಬಿಟ್ಟ ಆಕಾರದಲ್ಲೇ ಉಬ್ಬು-ಕುಳಿ ಸರಿಯಾಗಿ ಕೂಡುವುದು. ಶ್ವಾಸಕೋಶದಲ್ಲಿ ಬಿಡಿಬಿಡಿಯಾಗಿದ್ದ ಹಿಮೋಗ್ಲೋಬಿನ್‌ಗಳು, ಸ್ನಾಯುಗಳಿಗೆ ಆಮ್ಲಜನಕ ಕೊಟ್ಟ ಮೇಲೆ ಒಂದಕ್ಕೊಂದು ಸಿಕ್ಕಿಕೊಂಡು 14 ಎಳೆಗಳ ಹಗ್ಗವಾಗುತ್ತವೆ. ಆ ಹಗ್ಗಗಳೇ ಕೆಂಪು ರಕ್ತಕಣವನ್ನು ಒಳಗಿನಿಂದ ತಳ್ಳಿ ಕುಡುಗೋಲಿನಂತೆ ಬಾಗಿಸುತ್ತವೆ. ಬಿಗಿಯಾದ ಆ ಕಣಗಳು ಸಣ್ಣ ರಕ್ತನಾಳಗಳಲ್ಲಿ ಸಿಕ್ಕಿಬಿದ್ದಾಗ ರೋಗಿಗೆ ತಡೆಯಲಾಗದ ನೋವು.

ಅಂದರೆ ನನ್ನ ಬಾಣಗಳು ತಪ್ಪು. ತೊಂದರೆ ಒಂದನೇ ಹಂತದಲ್ಲಿ ಹುಟ್ಟಿ, ಎರಡು, ಮೂರು, ನಾಲ್ಕನ್ನು ಹೆಚ್ಚು ಕಡಿಮೆ ಹಾಗೆಯೇ ಬಿಟ್ಟು, ಸ್ಲೈಡಿನಲ್ಲೇ ಇಲ್ಲದ ಜಾಗದಲ್ಲಿ, ಒಂದು ಪೂರ್ತಿ ಹಿಮೋಗ್ಲೋಬಿನ್ ಮತ್ತು ಅದರ ಪಕ್ಕದ ಇನ್ನೊಂದು ಪೂರ್ತಿ ಹಿಮೋಗ್ಲೋಬಿನ್ನಿನ ನಡುವೆ ಕಾಣಿಸಿಕೊಳ್ಳುತ್ತದೆ.

ಹಾಗೆಂದು ಒಂದು ಅಕ್ಷರ ಮಡಿಕೆಯನ್ನು ಎಂದೂ ಕೆಡಿಸುವುದಿಲ್ಲ ಎಂದಲ್ಲ. ಅದೇ ಬೀಟಾ ಸರಪಳಿಯ 42ನೇ ಸ್ಥಾನದಲ್ಲಿ ಫಿನೈಲಲನೀನ್ ಬದಲು ಸೆರೀನ್ ಬಂದರೆ ‘ಹಿಮೋಗ್ಲೋಬಿನ್ ಹ್ಯಾಮರ್‌ಸ್ಮಿತ್’ ಎನ್ನುತ್ತಾರೆ. ಆ ಸ್ಥಾನ ಒಳಗೆ, ಹೀಮ್ ಪಕ್ಕದಲ್ಲೇ ಇದೆ. ನೀರು ಇಷ್ಟಪಡುವ ಸೆರೀನ್ ಅಲ್ಲಿ ಕುಳಿತರೆ ಹೀಮ್‌ನ ಹಿಡಿತ ಸಡಿಲವಾಗುತ್ತದೆ. ಪ್ರೋಟೀನ್ ನಿಜಕ್ಕೂ ಕೆಟ್ಟು, ಗರಣೆಗಟ್ಟಿ ರಕ್ತಕಣದೊಳಗೆ ಚುಕ್ಕೆಗಳಾಗಿ ಕೂರುತ್ತದೆ. ಇವಕ್ಕೆ ಹೈನ್ಜ್ ಬಾಡಿ ಎಂದು ಹೆಸರು. ನಾನು ಸ್ಲೈಡಿನಲ್ಲಿ ಹೇಳಿದ ಕಥೆ ಇದಕ್ಕೆ ಹೊಂದುತ್ತಿತ್ತು. ಯಾವ ಅಕ್ಷರ ಬದಲಾಯಿತು ಎಂಬುದರ ಜೊತೆಗೆ ಅದು ಮಡಚಿದ ಮೇಲೆ ಒಳಗೆ ಬೀಳುತ್ತದೋ ಹೊರಗೆ ಬೀಳುತ್ತದೋ ಎಂದೂ ಕೇಳಬೇಕು. ಆ ಪ್ರಶ್ನೆಗೆ ಉತ್ತರ ತೃತೀಯಕ ರಚನೆಯಲ್ಲಿದೆ.

ರಚನೆಯ ಚಿತ್ರವೇ ಇಲ್ಲದ ಕಾಲದಲ್ಲಿ ಇದನ್ನು ಹಿಡಿದದ್ದು ಹೇಗೆ ಎಂಬ ಕುತೂಹಲವೂ ಹುಟ್ಟಿತು. 1949ರಲ್ಲಿ ಲೈನಸ್ ಪಾಲಿಂಗ್ ತಂಡ ವಿದ್ಯುತ್ ಕ್ಷೇತ್ರದಲ್ಲಿ ಎರಡೂ ಹಿಮೋಗ್ಲೋಬಿನ್‌ಗಳನ್ನು ಓಡಿಸಿ, ಅವುಗಳ ವೇಗ ಬೇರೆ ಎಂದು ತೋರಿಸಿತು. ಪ್ರತಿ ಬೀಟಾದಲ್ಲೂ ಒಂದೊಂದು ಋಣ ವಿದ್ಯುದಂಶ ಕಡಿಮೆಯಾಗುವುದರಿಂದ ಸಿಕಲ್ ಹಿಮೋಗ್ಲೋಬಿನ್ ಧನ ಧ್ರುವದ ಕಡೆಗೆ ನಿಧಾನವಾಗಿ ಹೋಗುತ್ತದೆ. ಕೆಲವು ವರ್ಷಗಳ ನಂತರ ಕೇಂಬ್ರಿಜ್‌ನಲ್ಲಿ ವರ್ನನ್ ಇಂಗ್ರಾಂ ಟ್ರಿಪ್ಸಿನ್‌ನಿಂದ ಪ್ರೋಟೀನನ್ನು ತುಂಡು ಮಾಡಿ, ತುಂಡುಗಳನ್ನು ಕಾಗದದ ಮೇಲೆ ಹರಡಿ ಹೋಲಿಸಿದರು. ಒಂದೇ ಒಂದು ತುಂಡು ಜಾಗ ಬದಲಿಸಿತ್ತು. 1957ರಲ್ಲಿ ಆ ತುಂಡಿನಲ್ಲಿ ಗ್ಲುಟಾಮಿಕ್ ಆಮ್ಲದ ಬದಲು ವ್ಯಾಲೀನ್ ಇದೆ ಎಂದು ಪ್ರಕಟಿಸಿದರು. ಗೆಳೆಯನ ಕಾರ್ಡಿನ ಹಿಂದಿರುವ ಎಲೆಕ್ಟ್ರೊಫೋರೆಸಿಸ್ ಪರೀಕ್ಷೆಯೂ ಅದೇ ಓಟದ ಪಂದ್ಯ. ಕ್ಯಾರಿಯರ್‌ಗಳ ರಕ್ತದಲ್ಲಿ ಎರಡು ಪಟ್ಟಿ ಕಾಣುತ್ತವೆ.

ವಾಲಿಬಾಲ್ ಪ್ರಶ್ನೆ ಉಳಿದಿತ್ತು. ಕ್ಯಾರಿಯರ್‌ಗಳಲ್ಲಿ ಸಿಕಲ್ ಹಿಮೋಗ್ಲೋಬಿನ್ ಸಾಮಾನ್ಯವಾಗಿ ಶೇ 40ರಷ್ಟು ಇದ್ದರೆ, ಉಳಿದದ್ದು ಹೆಚ್ಚಾಗಿ ಉಬ್ಬಿಲ್ಲದ ಮಾಮೂಲಿ ಹಿಮೋಗ್ಲೋಬಿನ್. ಹಗ್ಗ ಹೊಸೆಯಲು ಸ್ವಲ್ಪ ಹೊತ್ತು ಬೇಕು, ಆ ಹೊತ್ತು ಸಾಂದ್ರತೆಯ ಮೇಲೆ ನಿಂತಿದೆ. ಸಾಂದ್ರತೆ ತುಸು ತಗ್ಗಿದರೂ ತಡ ಬಹಳ ಹೆಚ್ಚುತ್ತದೆ. ಹಗ್ಗ ಶುರುವಾಗುವ ಮೊದಲೇ ರಕ್ತಕಣ ಶ್ವಾಸಕೋಶಕ್ಕೆ ಮರಳಿ ಆಮ್ಲಜನಕ ಹಿಡಿದುಬಿಡುತ್ತದೆ. ಆದ್ದರಿಂದಲೇ ಹೆಚ್ಚಿನ ಕ್ಯಾರಿಯರ್‌ಗಳು ಆರೋಗ್ಯವಾಗಿಯೇ ಇರುತ್ತಾರೆ. ವಿಪರೀತ ಎತ್ತರದ ಜಾಗ, ನೀರು ಕುಡಿಯದೆ ಮೈಮುರಿಯುವ ಶ್ರಮ ಇಂಥವುಗಳಲ್ಲಿ ಮಾತ್ರ ಎಚ್ಚರ ಬೇಕು. ಇಬ್ಬರು ಕ್ಯಾರಿಯರ್‌ಗಳು ಮದುವೆಯಾದರೆ ಪ್ರತಿ ಮಗುವಿಗೂ ರೋಗ ಬರುವ ಸಾಧ್ಯತೆ ನಾಲ್ಕರಲ್ಲಿ ಒಂದು. ಕಾರ್ಡಿನ ಮುಖ್ಯ ಉಪಯೋಗ ಇರುವುದು ಅಲ್ಲಿ.

‘ಅಂದ್ರೆ ನಂದೂ ಸರಿಯಾಗೇ ಮಡಚಿಕೊಂಡಿದೆ’ ಎಂದ ಗೆಳೆಯ, ಪರದೆಯ ಮೇಲಿನ ಉಂಡೆಯನ್ನು ಬೆರಳಲ್ಲಿ ತಿರುಗಿಸುತ್ತಾ. ‘ನಿನ್ನ ಸ್ಲೈಡೇ ಸರಿ ಮಡಚಿಕೊಂಡಿರಲಿಲ್ಲ ನೋಡು.’

ಸೋಮವಾರ ನಾಲ್ಕೂ ಚಿತ್ರ ಹಾಗೆಯೇ ಇದ್ದವು, ಸಿಕಲ್ ಸೆಲ್ ಭಾಗದಿಂದ ಮೂರೂ ಬಾಣ ತೆಗೆದಿದ್ದೆ. ಅವುಗಳ ಬದಲು ನಾಲ್ಕನೇ ಚಿತ್ರದ ಪಕ್ಕ ಇನ್ನೊಂದು ಹಿಮೋಗ್ಲೋಬಿನ್ ಇಟ್ಟು, ನಡುವೆ ಒಂದು ಟಿಚ್ ಬಟನ್ ಬರೆದೆ. ಮೇಡಂ ಹತ್ತಕ್ಕೆ ಎಂಟು ಕೊಟ್ಟರು. ಮೊದಲ ಸಲ ಎಣಿಸದೇ ಬಂದಿದ್ದಕ್ಕೆ ಎರಡು ಕಟ್.